ವಿಷಯ: ಕ್ಯೂಸಿ ಕೆಮಿಸ್ಟ್ ಹುದ್ದೆ (ಹಾಸನ ಡೇರಿ ಘಟಕ) – ನೀವು ಕೇಳಿದ್ದಕ್ಕೂ ನನ್ನ ರೆಸ್ಯೂಮೆಗೂ ಹೊಂದುವ ಮೂರು ಅಂಶ

ನಮಸ್ಕಾರ ಸರ್,

ಸೋಮವಾರ ಅರ್ಜಿ ಕಳಿಸಿದ್ದೇನೆ. ಬಂದ ಅರ್ಜಿಗಳು ಬಹಳವಿರುತ್ತವೆ. ಹಾಗಾಗಿ ನಿಮ್ಮ ಪ್ರಕಟಣೆಯಲ್ಲಿರುವ ಬೇಡಿಕೆಗಳ ಪೈಕಿ ನನ್ನ ಅನುಭವಕ್ಕೆ ಹೆಚ್ಚು ಹೊಂದುವ ಮೂರನ್ನು ಇಲ್ಲಿ ತಿಳಿಸುತ್ತಿದ್ದೇನೆ.

ನೀವು ಮೊದಲೇ ಬರೆದಿರುವುದು ರಿಸೆಪ್ಷನ್ ಡಾಕ್‌ನಲ್ಲಿ ಟ್ಯಾಂಕರ್ ಹಾಲಿನ ತಪಾಸಣೆ. ನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು ಅದೇ (ಪುಟ 1). ದಿನಕ್ಕೆ 14ರಿಂದ 18 ಟ್ಯಾಂಕರ್: ಪ್ಲಂಜರ್‌ನಿಂದ ಕಲಕಿ ಸ್ಯಾಂಪಲ್, ವಾಸನೆ, ತಾಪಮಾನ, ಸಿಒಬಿ, ಆಲ್ಕೋಹಾಲ್ ಪರೀಕ್ಷೆ, ಆಮ್ಲೀಯತೆ, ಆಮೇಲೆ ಯೂರಿಯಾ, ಪಿಷ್ಟ, ಸಕ್ಕರೆ. ಆಮ್ಲೀಯತೆ ಸರಿಯಿದೆ ಎಂದು ಟ್ಯಾಂಕರ್ ಬಿಡುವುದಿಲ್ಲ. ಹುಳಿಯಾಗುತ್ತಿರುವ ಹಾಲಿಗೆ ಸೋಡಾ ಹಾಕಿದ್ದರೆ ಆ ಅಂಕಿಯೇ ಚೆನ್ನಾಗಿ ಕಾಣುತ್ತದೆ. ಅದಕ್ಕೇ ರೋಸಾಲಿಕ್ ಆಮ್ಲದ ಪರೀಕ್ಷೆ ಪ್ರತಿ ಟ್ಯಾಂಕರ್‌ಗೂ ಉಂಟು. ಮಿಲ್ಕ್ ಅನಲೈಸರ್‌ನ ಕೊಬ್ಬಿನ ಅಂಕಿಯನ್ನು ಪ್ರತಿ ಪಾಳಿಯಲ್ಲೂ ಗರ್ಬರ್‌ನೊಂದಿಗೆ ತಾಳೆ ನೋಡುತ್ತೇನೆ: 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಕೊಬ್ಬಿನ ಪದರದ ಕೆಳಗೆ ಕರಿ ಚೂರು ಕಂಡರೆ ಆಮ್ಲ ತೀರಾ ಗಟ್ಟಿ, ಬಿಳಿ ಚೂರು ಉಳಿದರೆ ತೆಳು. ಎರಡರಲ್ಲೂ ಆ ರೀಡಿಂಗ್ ಬರೆಯದೆ ಆಮ್ಲದ ಸಾಂದ್ರತೆ ನೋಡಿ ಪರೀಕ್ಷೆಯನ್ನೇ ಮತ್ತೆ ಮಾಡುತ್ತೇನೆ.

ಎರಡನೆಯದು ಪಾಶ್ಚರೈಸೇಶನ್ ನಿಗಾ. 72 ಡಿಗ್ರಿ, 15 ಸೆಕೆಂಡಿನ ಚಾರ್ಟ್ ಪರಿಶೀಲನೆ, ಎಫ್‌ಡಿವಿ ಪರೀಕ್ಷೆ, ಪ್ರತಿ ಬ್ಯಾಚ್‌ಗೆ ಫಾಸ್ಫಟೇಸ್ ನನ್ನ ಹೊಣೆ. ಚಾರ್ಟ್ ಸರಿಯಿದ್ದೂ ಫಾಸ್ಫಟೇಸ್ ಪಾಸಿಟಿವ್ ಬಂದರೆ ಮೊದಲು ನೋಡಬೇಕಾದ್ದು ರಿಜನರೇಟರ್ ಪ್ಲೇಟಿನ ಸೋರಿಕೆ, ಹಸಿ ಹಾಲಿನ ಕಡೆ ಒತ್ತಡ ಹೆಚ್ಚಿದೆಯೇ ಎಂಬುದು. ಸಿಐಪಿ ಕೊನೆಯ ತೊಳೆ ನೀರಿನಲ್ಲಿ ಕಾಸ್ಟಿಕ್ ಉಳಿದಿದೆಯೇ ಎಂದು ಫಿನಾಲ್ಫ್ತಲೀನ್ ಹಾಕಿ ನೋಡಿದ ದಾಖಲೆಯೂ ನಾನೇ ಇಡುವುದು.

ಮೂರನೆಯದು ಸಂಘಗಳ ಟೆಸ್ಟರ್‌ಗಳಿಗೆ ತರಬೇತಿ. ಹಳ್ಳಿಗಳ 22 ಕೇಂದ್ರಗಳಲ್ಲಿ ಇದನ್ನು ಮಾಡಿದ್ದೇನೆ (ಪುಟ 2). ಫ್ಯಾಟ್–ಎಸ್‌ಎನ್‌ಎಫ್ ತಕರಾರಿನಲ್ಲಿ ಕಲಬೆರಕೆಗಿಂತ ಹೆಚ್ಚಾಗಿ ಸಿಗುವುದು ಕಲಕದೆ ತೆಗೆದ ಸ್ಯಾಂಪಲ್, ಇಲ್ಲವೇ ಕರೆದ ಕೂಡಲೇ ಲ್ಯಾಕ್ಟೋಮೀಟರ್ ಅದ್ದಿದ್ದು. ಬಿಸಿ ಹಾಲಿನ ಗಾಳಿಗುಳ್ಳೆಗೆ ಅದು ಕಡಿಮೆ ತೋರಿಸುತ್ತದೆ, ರೈತರಿಗೆ ಅನ್ಯಾಯವಾಗುತ್ತದೆ.

ಐಎಸ್‌ಒ 22000 ಆಂತರಿಕ ಆಡಿಟರ್ ಸರ್ಟಿಫಿಕೇಟ್ ನನ್ನ ಬಳಿ ಇಲ್ಲ. ಪ್ರಕಟಣೆಯಲ್ಲಿ ಅದನ್ನು 'ಇದ್ದರೆ ಒಳ್ಳೆಯದು' ಎಂದಿದ್ದೀರಿ. ರಾತ್ರಿ ಪಾಳಿಗೆ ಅಡ್ಡಿಯಿಲ್ಲ. ನೋಟಿಸ್ ಅವಧಿ 30 ದಿನ. ಸಂದರ್ಶನಕ್ಕೆ ಬೆಳಿಗ್ಗೆ 11ರ ನಂತರ ಯಾವ ದಿನ ಕರೆದರೂ ಬರಬಲ್ಲೆ. ಲ್ಯಾಬಿನಲ್ಲೇ ಒಂದು ಗರ್ಬರ್ ಮಾಡಿಸಿ ನೋಡುವುದಾದರೆ ಇನ್ನೂ ಸಂತೋಷ. ಫೋನ್ ನಂಬರ್ ರೆಸ್ಯೂಮೆಯ ಮೇಲ್ಗಡೆ ಇದೆ.

ವಂದನೆಗಳೊಂದಿಗೆ,
ಸವಿತಾ