ರಬ್ಬರ್

ಸರೋಜಾ ಟೀಚರ್ ಅಟ್ಟದಿಂದ ಕಂಪ್ಯೂಟರ್ ಇಳಿಸಿದಾಗ ಅದರ ಮೇಲೆ ಹೊದಿಸಿದ್ದ ಹಳೇ ಸೀರೆಯ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಮಗ ಇಂಜಿನಿಯರಿಂಗ್ ಓದುವಾಗ ಕೊಡಿಸಿದ್ದ ಪೆಂಟಿಯಂ 4.

"ಗುಜರಿಗೆ ಹಾಕಿದ್ರೆ ಕಾಸಾದ್ರೂ ಬರುತ್ತೆ ಟೀಚರ್," ಅಂದಳು ಪಕ್ಕದ ಮನೆ ಲಲಿತಾ.

"ನಿನ್ನ ಮಗಳನ್ನ ಕಳಿಸು ಸಾಕು."

ಮಗಳು ಭೂಮಿಕಾ ಬಂದಳು. ಹಿಂದೆಯೇ ಯಾಸೀನ್, ಮಂಜ, ಅವನ ತಂಗಿ. ಒಂದು ಮೊಬೈಲಿಗೆ ನಾಲ್ಕು ಜನ ಕಿತ್ತಾಡುವುದನ್ನು ಟೀಚರ್ ಬೇಸಿಗೆ ಪೂರ್ತಿ ಜಗುಲಿಯಿಂದ ನೋಡಿದ್ದರು.

ಸ್ವಿಚ್ ಹಾಕಿದರೆ ಪರದೆ ಕಪ್ಪು. ಉದ್ದನೆಯ ಬೀಪ್, ಮತ್ತೆ ಬೀಪ್. ಮಂಜನ ತಂಗಿ ಕಿವಿ ಮುಚ್ಚಿಕೊಂಡಳು.

"ರ್‍ಯಾಮ್ ಕೂತಿಲ್ಲ," ಅಂದರು ಟೀಚರ್. ಗಣಿತದ ಟೀಚರಿಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಅವರ ಹತ್ತಿರವೇ ಇತ್ತು. ರಿಪೇರಿಯವನು ಬಂದಾಗಲೆಲ್ಲ ಬೆನ್ನ ಹಿಂದೆ ನಿಂತು, ಅವನಿಗೆ ಬೇಜಾರಾಗುವಷ್ಟು ಪ್ರಶ್ನೆ ಕೇಳುತ್ತಿದ್ದರು.

ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿಸಿದರು. ಒಳಗೆ ಧೂಳು, ಹಲ್ಲಿ ಮೊಟ್ಟೆಯ ಚಿಪ್ಪು. ಮಂಜ ಪೇಂಟ್ ಬ್ರಷ್‌ನಿಂದ ಫ್ಯಾನ್ ಉಜ್ಜಿದ. ರ್‍ಯಾಮ್ ತೆಗೆಯುವ ಮೊದಲು ಎಲ್ಲರೂ ಕಬ್ಬಿಣದ ಪೆಟ್ಟಿಗೆ ಮುಟ್ಟಬೇಕು, ಮೈಯ ಕರೆಂಟು ಅದಕ್ಕೆ ಹೋಗಲಿ ಅಂದರು. ನಾಲ್ವರೂ ಗಂಭೀರವಾಗಿ ಮುಟ್ಟಿದರು, ದೇವರನ್ನು ಮುಟ್ಟಿದ ಹಾಗೆ.

"ಈಗ ರಬ್ಬರ್ ಕೊಡಿ."

"ರಬ್ಬರ್ರಾ?"

"ಪೆನ್ಸಿಲ್ ಅಳಿಸೋದು ಕಣೋ. ಈ ಹಳದಿ ಅಂಚು ಮಂಕಾಗಿದೆ ನೋಡು. ಮೆತ್ತಗೆ ಉಜ್ಜಬೇಕು."

ಭೂಮಿಕಾ ಉಜ್ಜಿದಳು. ನಾಲಿಗೆ ಹೊರಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು. ಪುಡಿಯನ್ನೆಲ್ಲ ಊದಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದಳು.

ಈ ಸಲ ಒಂದೇ ಒಂದು ಸಣ್ಣ ಬೀಪ್. ಪರದೆಯ ಮೇಲೆ CMOS checksum error ಅಂತ ಬಂತು. ತಾರೀಕು 2002ನೇ ಇಸವಿಯದು.

"ಟೀಚರ್, ನಾವಿನ್ನೂ ಹುಟ್ಟೇ ಇಲ್ಲ!" ಯಾಸೀನ್ ಕುಣಿದ.

ಒಳಗಿನ ಗಡಿಯಾರ ನಡೆಸುವ, ಬಿಲ್ಲೆಯಂಥ CR2032 ಸೆಲ್ ಸತ್ತಿತ್ತು. ವಾಚ್ ಅಂಗಡಿಯಿಂದ ಹೊಸದು ಬಂತು. ಹಳೇ ವಿಂಡೋಸ್ ಎಕ್ಸ್‌ಪಿ ತೆಗೆದು, ಹಗುರವಾದ ಲಿನಕ್ಸ್ ಹಾಕಲು ಒಂದು ಭಾನುವಾರ ಪೂರ್ತಿ ಹೋಯಿತು. ಅದರ ಕಥೆ ಬೇಡ ಬಿಡಿ.

ಆಮೇಲೆ ಸರದಿ. ಒಬ್ಬರಿಗೆ ಹದಿನೈದು ನಿಮಿಷ, ಗೋಡೆ ಗಡಿಯಾರ ನೋಡಿಕೊಂಡು. ಮಂಜ ಕಗಪ ಕೀಲಿಮಣೆಯಲ್ಲಿ ಹೆಸರು ಬರೆದ. ಅರ್ಧಾಕ್ಷರಕ್ಕೆ f ಒತ್ತಬೇಕು ಅಂತ ಯಾಸೀನ್ ಆಗಲೇ ಎಲ್ಲರಿಗೂ ಪಾಠ ಮಾಡುತ್ತಿದ್ದ, ತನ್ನ ಹೆಸರಿಗೇ ಅದು ಬೇಕಿತ್ತಲ್ಲ. ತನ್ನ ಸರದಿಯಲ್ಲಿ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ತೆರೆದು ಎಮ್ಮೆ ಬರೆಯಲು ಕೂತ.

ಭೂಮಿಕಾ ಮಾತ್ರ ನೆಲದ ಮೇಲೆ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿದ್ದಳು.

"ನಿನ್ನ ಸರದಿ ಮುಂದಿನದು ಕಣೇ."

"ಅವನಿಗೇ ಕೊಡಿ ಟೀಚರ್. ರ್‍ಯಾಮ್ ಪಕ್ಕ ಇನ್ನೊಂದು ಖಾಲಿ ಜಾಗ ಇತ್ತಲ್ಲ, ಅದಕ್ಕೂ ಒಂದು ಹಾಕಿದ್ರೆ ಜೋರಾಗಿ ಓಡುತ್ತಾ?"

ಟೀಚರ್ ಸ್ಕ್ರೂ ಡ್ರೈವರ್ ಅವಳ ಕೈಗಿಟ್ಟರು. "ಬಿಚ್ಚಿ ನೋಡು. ಮೊದಲು ಏನು ಮಾಡಬೇಕು?"

"ಪ್ಲಗ್ ಕೀಳಬೇಕು," ಅಂದವಳೇ ಕಿತ್ತಳು.

"ಟೀಚರ್! ನನ್ನ ಎಮ್ಮೆ!" ಯಾಸೀನ್ ಕೂಗಿದ್ದು ಲಲಿತಾಳ ಅಡುಗೆಮನೆವರೆಗೂ ಕೇಳಿಸಿತು.