ಅಮ್ಮನ ಅರವತ್ತಕ್ಕೆ ವಿಡಿಯೋ: ಸ್ಕ್ರಿಪ್ಟ್, ಶಾಟ್ ಲಿಸ್ಟ್

ತಮ್ಮಾ, ಎಡಿಟಿಂಗ್ ನಿನ್ನದು, ಅದಕ್ಕೇ ಎಲ್ಲ ಬಿಡಿಸಿ ಬರೆದಿದ್ದೀನಿ. ಒಟ್ಟು 4 ನಿಮಿಷ 30 ಸೆಕೆಂಡ್. ಟಿವಿಯಲ್ಲಿ ನೋಡೋದು, ಹಾಗಾಗಿ ಅಡ್ಡ ಫ್ರೇಮ್, 1920×1080. ಫೋನ್ ಉದ್ದಕ್ಕೆ ಹಿಡಿದು ತೆಗೆದವರ ಕ್ಲಿಪ್‌ಗೆ ಹಿಂದೆ ಅದನ್ನೇ ಮಸುಕು ಮಾಡಿ ಹಾಕು, ಮುಖ ಮಾತ್ರ ಕತ್ತರಿಸಬೇಡ. "ಹ್ಯಾಪಿ ಬರ್ತ್‌ಡೇ, ನೂರು ವರ್ಷ ಬಾಳಿ" ಅಂತ ಎಲ್ಲರೂ ಹೇಳಿದ್ದಾರೆ, ಒಬ್ಬರದ್ದು ಇಟ್ಟುಕೊಂಡು ಉಳಿದಿದ್ದೆಲ್ಲ ತೆಗಿ.

ಶಾಟ್ 1 (0:00–0:20)
ಕಪ್ಪು ಪರದೆ. ಅಮ್ಮ ಎಲ್ಲರಿಗೂ ಕಳಿಸಿದ ಹಳೇ ವಾಯ್ಸ್ ಮೆಸೇಜ್‌ಗಳು, ಒಂದರ ಹಿಂದೆ ಒಂದು.
ಅಮ್ಮನ ದನಿ: "ಊಟ ಆಯ್ತಾ?" "ಏನೋ, ಊಟ ಆಯ್ತಾ?" "ಮಲಗಿಬಿಟ್ಯಾ? ಊಟ ಮಾಡಿದ್ಯೋ ಇಲ್ವೋ?"
ಕೆಳಗೆ ಅಕ್ಷರ: ಟೊರೊಂಟೊ, ರಾತ್ರಿ 2 ಗಂಟೆ.

ಶಾಟ್ 2 (0:20–0:35)
ಅಮ್ಮ ಕನ್ನಡಕ ತಲೆ ಮೇಲಿಟ್ಟುಕೊಂಡು ಪೇಪರ್ ಹುಡುಕುತ್ತಿರುವ ಫೋಟೋ. ನಿಧಾನಕ್ಕೆ ಹತ್ತಿರ ಹೋಗು.
ನನ್ನ ದನಿ: "ಅಮ್ಮಾ, ಇವತ್ತು ನೀನು ಕೇಳೋದು ಬೇಡ. ಅವರೇ ಹೇಳ್ತಾರೆ."

ಶಾಟ್ 3 (0:35–1:25) ಚಿಕ್ಕಮ್ಮ, ಮೆಲ್ಬರ್ನ್
ಕಳಿಸಿರೋದು ಹನ್ನೊಂದು ನಿಮಿಷ! ಮೊದಲು "ರೆಕಾರ್ಡ್ ಆಗ್ತಾ ಇದೆಯಾ?" ಅಂತ ಕ್ಯಾಮೆರಾಗೆ ಮೂಗು ತಾಗಿಸುವುದು ಇರಲಿ. ಆಮೇಲೆ ನೇರ ಇಲ್ಲಿಗೆ:
"ಅಕ್ಕಾ, ನನ್ನ ಮೊದಲ ಸಂಬಳದ ಸೀರೆ ಬಣ್ಣ ಬಿಟ್ಟು ನಿನ್ನ ಬಿಳಿ ಬಟ್ಟೆಗಳೆಲ್ಲ ಗುಲಾಬಿ ಆದ್ವಲ್ಲ, ನೀನು ಒಂದು ಮಾತೂ ಆಡದೆ ಅದನ್ನೇ ಉಟ್ಟುಕೊಂಡು ಓಡಾಡಿದೆ. ಇವತ್ತು ಕೇಳ್ತೀನಿ, ನಿಜವಾಗಲೂ ಸಿಟ್ಟು ಬಂದಿರಲಿಲ್ವಾ?"

ಶಾಟ್ 4 (1:25–2:00) ಮಾವ, ಬರ್ಲಿನ್
ಬಾಲ್ಕನಿ, ಗಾಳಿ ಜಾಸ್ತಿ. ಮಾತು ಸರಿಯಾಗಿ ಕೇಳಿಸುವುದಿಲ್ಲ, ಸಬ್‌ಟೈಟಲ್ ಹಾಕು, ಅಕ್ಷರ ದೊಡ್ಡದಿರಲಿ. ಮತ್ತೆ ತೆಗೆಯಿರಿ ಅಂತ ಹೇಳೋಕೆ ಹೋಗಬೇಡ, ಆ ನಗು ಎರಡನೇ ಸಲ ಬರಲ್ಲ.
"ಅಕ್ಕಾ, ಲೆಕ್ಕದಲ್ಲಿ ನಾನು ಪಾಸಾಗಿದ್ದು ನಿನ್ನಿಂದ. ಈಗ ಇಲ್ಲಿ ಬ್ಯಾಂಕಲ್ಲಿ ಕೂತಿದ್ದೀನಿ, ಪಾಪ ಬ್ಯಾಂಕು."

ಶಾಟ್ 5 (2:00–2:30) ಮಕ್ಕಳೆಲ್ಲ
ಒಬ್ಬೊಬ್ಬರಿಗೆ ಮೂರು ನಾಲ್ಕು ಸೆಕೆಂಡ್, ಪಟಪಟ ಕಟ್. ಎಲ್ಲರ ತಲೆ ಮೇಲೂ ಕನ್ನಡಕ, ಎಲ್ಲರದ್ದೂ ಒಂದೇ ಮಾತು: "ನನ್ನ ಕನ್ನಡಕ ನೋಡಿದ್ರಾ?" ಇಲ್ಲಿ ಸಂಗೀತ ಬೇಡ.

ಶಾಟ್ 6 (2:30–3:45) ಅಣ್ಣ, ಅತ್ತಿಗೆ, ಪುಟ್ಟಿ, ಟೊರೊಂಟೊ
ಪುಟ್ಟಿ ಚಿತ್ರ ತೋರಿಸುತ್ತಾಳೆ. "ಇದು ಅಜ್ಜಿ, ಇದು ಫೋನು." ಚಿತ್ರದಲ್ಲಿ ಫೋನು ಅಜ್ಜಿಗಿಂತ ದೊಡ್ಡದು, ಪೂರ್ತಿ ಪರದೆಗೆ ಹಾಕು.
ಅಣ್ಣ: "ಅಮ್ಮಾ, ರಾತ್ರಿ ಎರಡಕ್ಕೆ ಯಾಕೆ ಮೆಸೇಜ್ ಮಾಡ್ತೀಯ ಅಂತ ರೇಗಿದ್ದೆ. ಆಮೇಲೆ ಒಂದು ವಾರ ನೀನು ಮಾಡಲಿಲ್ಲ. ನಂಗೆ ಆ ವಾರ ನಿದ್ದೆನೇ ಬರಲಿಲ್ಲ."
ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ಅಲ್ಲಿ ಕತ್ತರಿ ಹಾಕಿದರೆ ನಿನ್ನ ಜೊತೆ ಮಾತು ಬಿಡ್ತೀನಿ.

ಶಾಟ್ 7 (3:45–4:20)
ಪರದೆ ನಾಲ್ಕು ಭಾಗ, ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಶುರುವಿಗೆ ಒಂದು ಚಪ್ಪಾಳೆ ತಟ್ಟಿಸಿದ್ದೀನಿ, ಅದನ್ನು ಹಿಡಿದು ಹೊಂದಿಸು. ಚಿಕ್ಕಮ್ಮನ ದನಿ ಜೋರು, ಉಳಿದವರದ್ದು ಹಿಂದೆ.

ಶಾಟ್ 8 (4:20–4:30)
ಎಲ್ಲರೂ ಒಟ್ಟಿಗೆ: "ಊಟ ಆಯ್ತು ಅಮ್ಮಾ!" ಚಿಕ್ಕಮ್ಮ, ಮಾವ "ಅಕ್ಕಾ" ಅಂದಿದ್ದಾರೆ, ಇರಲಿ.

ಎಂಪಿ4 ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಹಿಂದಿನ ದಿನವೇ ಟಿವಿಯಲ್ಲಿ ಓಡಿಸಿ ನೋಡು, ಅಮ್ಮ ಮನೇಲಿ ಇಲ್ಲದಾಗ. ವಾಟ್ಸಾಪ್‌ನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಅಂತ ಕಳಿಸು, ಇಲ್ಲದಿದ್ದರೆ ಕ್ವಾಲಿಟಿ ಹೋಗುತ್ತೆ. ಮತ್ತೆ ಫ್ಯಾಮಿಲಿ ಗ್ರೂಪ್‌ಗೆ ಮಾತ್ರ ಹಾಕಬೇಡ, ಅದರಲ್ಲಿ ಅಮ್ಮನೂ ಇದ್ದಾಳೆ.