ವಿಷಯ: ದಾವಣಗೆರೆ ವಿನೋಬನಗರದ ಫೈಬರ್ ಲೈನ್ ಪದೇ ಪದೇ ಬಂದ್, ಕಂಬದ ಮೇಲಿನ ಜಾಯಿಂಟ್ ಬಾಕ್ಸ್ ಬದಲಿಸಿ

ಗ್ರಾಹಕ ಸೇವೆಯವರಿಗೆ ನಮಸ್ಕಾರ,

ಜೂನ್ 26ರ ಸಂಜೆ 7ಕ್ಕೆ ಹೋದ ನೆಟ್ ಇವತ್ತು, 28ರ ಬೆಳಿಗ್ಗೆವರೆಗೂ ಬಂದಿಲ್ಲ. ಬಾಕ್ಸ್‌ನಲ್ಲಿ LOS ಲೈಟ್ ಕೆಂಪಗೆ ಮಿನುಗುತ್ತಲೇ ಇದೆ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ.

ಮೊದಲು ಹೋಗಿದ್ದು ಜೂನ್ 9ರ ಸಂಜೆ 6.40ಕ್ಕೆ, ಬಂದಿದ್ದು 11ರ ಮಧ್ಯಾಹ್ನ 1ಕ್ಕೆ. ನಡುವೆ 10ರಂದು ಬಂದ ಟೆಕ್ನಿಷಿಯನ್ ಒಳಗಿನ ಪ್ಯಾಚ್ ಕಾರ್ಡ್ ಬದಲಿಸಿ, ಬಾಕ್ಸ್ ರೀಸ್ಟಾರ್ಟ್ ಮಾಡಿ, "ಅರ್ಧ ಗಂಟೇಲಿ ಬರುತ್ತೆ, ಓಟಿಪಿ ಕೊಡಿ ಸರ್" ಅಂದರು. ಮನೆಯಲ್ಲಿದ್ದ ನಮ್ಮ ತಂದೆ ನಂಬಿ ಕೊಟ್ಟರು. ನೆಟ್ ಬರಲಿಲ್ಲ, ಕಂಪ್ಲೇಂಟ್ ಮಾತ್ರ ಕ್ಲೋಸ್ ಆಯಿತು! ಕೆಲಸ ಮುಗಿಯೋ ಮೊದಲೇ ವಯಸ್ಸಾದವರ ಹತ್ತಿರ ಓಟಿಪಿ ತೆಗೆದುಕೊಳ್ಳೋದು ತಪ್ಪು ಅಲ್ವಾ?

16ರಂದು ಬೆಳಿಗ್ಗೆ 9.15ರಿಂದ ರಾತ್ರಿ 8ರವರೆಗೆ ಇರಲಿಲ್ಲ. ಯಾರೂ ಬರಲಿಲ್ಲ, ಆದರೆ "ಮನೆಗೆ ಬೀಗ ಹಾಕಿತ್ತು" ಅಂತ ನಿಮ್ಮಿಂದ ಮೆಸೇಜ್ ಬಂತು. ಇಡೀ ದಿನ ನಾವು ಮನೆಯಲ್ಲೇ ಇದ್ದೆವು.

ಮೂರನೇ ಸಲ 21ರ ಸಂಜೆ 5.30ಕ್ಕೆ, ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಹೋಯಿತು. 23ರ ಮಧ್ಯಾಹ್ನ 3ಕ್ಕೆ ಬಂದ ಇನ್ನೊಬ್ಬ ಟೆಕ್ನಿಷಿಯನ್ ನಿಜವಾಗಿ ಕೆಲಸ ಮಾಡಿದರು. ಮೀಟರ್ ಹಾಕಿದಾಗ ಸಿಗ್ನಲ್ -29 dBm ಇತ್ತು. ಕಂಬ ಹತ್ತಿ ಜಾಯಿಂಟ್ ಹೊಸದಾಗಿ ಮಾಡಿದ ಮೇಲೆ -22ಕ್ಕೆ ಬಂತು, 4ಕ್ಕೆ ನೆಟ್ ಶುರುವಾಯಿತು. ಮೇಲಿನ ಜಾಯಿಂಟ್ ಬಾಕ್ಸ್ ಮುಚ್ಚಳ ಒಡೆದಿದೆ, ನೀರು ಒಳಗೆ ಹೋಗುತ್ತೆ, ಹೊಸದು ಸ್ಟಾಕ್ ಇಲ್ಲ ಅಂತ ಅವರೇ ಹೇಳಿ ಸದ್ಯಕ್ಕೆ ಪ್ಲಾಸ್ಟಿಕ್ ಸುತ್ತಿ ಹೋದರು. ಮೂರೇ ದಿನಕ್ಕೆ ಮತ್ತೆ ಮಳೆ, ಮತ್ತೆ ಕೆಂಪು ಲೈಟ್. ಬೆಸ್ಕಾಂ ಕರೆಂಟ್ ಹೋಗಿದ್ದಕ್ಕೆ ಹೀಗಾಗಿದೆ ಅಂತ ಕಾಲ್ ಸೆಂಟರ್‌ನವರು ಹೇಳಬೇಡಿ, ನಮ್ಮ ಬಾಕ್ಸ್ ಯುಪಿಎಸ್ ಮೇಲಿದೆ.

ಆ ಹುಡುಗನ ಮೇಲೆ ನನಗೆ ಬೇಜಾರಿಲ್ಲ, ದಯವಿಟ್ಟು ಅವರನ್ನು ಬೈಯಬೇಡಿ. ಸಾಮಾನು ಕೊಡದೆ ಕಳಿಸಿದರೆ ಅವರು ತಾನೇ ಏನು ಮಾಡಬೇಕು? ಆದರೆ ಮಗಳ ಆನ್‌ಲೈನ್ ಕ್ಲಾಸ್ ತಪ್ಪುತ್ತಿದೆ, ನಾನು ಆಫೀಸ್ ಕೆಲಸಕ್ಕೆ ಮೊಬೈಲ್ ಡೇಟಾ ಹಾಕಿಸಿಕೊಂಡು ಎರಡೆರಡು ಕಡೆ ದುಡ್ಡು ಕಟ್ಟುತ್ತಿದ್ದೇನೆ.

ಆ ಜಾಯಿಂಟ್ ಬಾಕ್ಸ್ ಬದಲಿಸಿ. ಸುಮ್ನೆ ರೀಸ್ಟಾರ್ಟ್ ಮಾಡಿಸೋಕೆ ಯಾರನ್ನೂ ಕಳಿಸಬೇಡಿ. ನೆಟ್ ಇಲ್ಲದ ದಿನಗಳ ದುಡ್ಡನ್ನು 599 ರೂಪಾಯಿ ಬಿಲ್‌ನಲ್ಲಿ ಕಳೆಯಿರಿ, ಮತ್ತೆ ಈ ಕಂಪ್ಲೇಂಟ್‌ಗೆ ಡಾಕೆಟ್ ನಂಬರ್ ಕಳಿಸಿ. 26ರ ರಾತ್ರಿ ಫೋನ್‌ನಲ್ಲಿ ಕೇಳಿದಾಗ ಕೊಡಲೇ ಇಲ್ಲ. ಜುಲೈ 1ರೊಳಗೆ ಸರಿಯಾಗದಿದ್ದರೆ ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ, 1915 ಗ್ರಾಹಕ ಸಹಾಯವಾಣಿಗೂ ದೂರು ಕೊಡುತ್ತೇನೆ.

ಬೆಳಿಗ್ಗೆ 10ರ ಮೇಲೆ ಯಾವಾಗ ಬಂದರೂ ಮನೆಯಲ್ಲಿರುತ್ತೇವೆ. ಬರುವ ಮುಂಚೆ ನನ್ನ ರಿಜಿಸ್ಟರ್ ಆದ ನಂಬರ್‌ಗೆ ಫೋನ್ ಮಾಡಿಸಿ, ತಂದೆಯವರಿಗಲ್ಲ.

ಮಂಜುನಾಥ
ವಿನೋಬನಗರ, ದಾವಣಗೆರೆ